ಇಸ್ಪೀಟು ಸಂಜೆಗೆ ಕರೆಯೋಲೆ

"ಭಾನುವಾರ ಸಂಜೆ ಹಾಲ್‌ನಲ್ಲಿ ಇಸ್ಪೀಟು ಆಡೋಣ ಬನ್ನಿ ಅಂತ ನೋಟಿಸ್ ಹಾಕಿದೆ. ಯಾರೂ ಬರಲಿಲ್ಲ. ಪತ್ರ ಹೇಗೆ ಬರೆಯಲಿ?"

ಬಹುಶಃ "ಇಸ್ಪೀಟು" ಅಂದ ಕೂಡಲೇ ದುಡ್ಡು ಕಟ್ಟಿ ಆಡುವುದು ಅಂದುಕೊಂಡಿದ್ದಾರೆ. ನಮ್ಮಲ್ಲೂ ಹಾಗೇ ಆಗಿತ್ತು. ಶುರುವಿನಲ್ಲೇ ಆ ಅನುಮಾನ ತೆಗೆದುಹಾಕಿ. ಆಟದ ಹೆಸರು, ಮುಗಿಯುವ ಹೊತ್ತು ಎರಡನ್ನೂ ಹಾಕಿ. ಮುಗಿಯುವ ಹೊತ್ತು ಬರೆಯದಿದ್ದರೆ ರಾತ್ರಿ ಅಡುಗೆ ನೋಡಿಕೊಳ್ಳುವವರು ಬರುವುದಿಲ್ಲ, ಅಲ್ವಾ? ಹೀಗೆ ಬರೆಯಿರಿ:

"ನೆರೆಯವರೇ, ಈ ಭಾನುವಾರ ಸಂಜೆ 5ರಿಂದ 7:30ರವರೆಗೆ ಹಾಲ್‌ನಲ್ಲಿ ಸುಮ್ನೆ ಇಸ್ಪೀಟು ಆಡೋಣ. ದುಡ್ಡಿನ ಆಟವಿಲ್ಲ. ದೊಡ್ಡವರಿಗೆ ರಮ್ಮಿ, ಮಕ್ಕಳಿಗೆ ಕತ್ತೆ ಆಟ. ಆಟ ಗೊತ್ತಿಲ್ಲದವರಿಗೆ ಹೇಳಿಕೊಡುತ್ತೇವೆ. ಚಹಾ, ಚುರುಮುರಿ ಇರುತ್ತದೆ."

ಕೆಳಗೆ ನಿಮ್ಮ ಹೆಸರು, ಮನೆ ನಂಬರು ಹಾಕಿ. ಹಾಲ್ ಬುಕ್ ಮಾಡಿದ ಮೇಲೆಯೇ ಲಿಫ್ಟ್ ಪಕ್ಕ ಅಂಟಿಸಿ. ಹದಿಮೂರು ಎಲೆಯ ರಮ್ಮಿಗೆ ಆರು ಜನರ ಒಂದು ಗುಂಪಿಗೆ ಎರಡು ಕಟ್ಟು ಬೇಕು.