ಹಳೆಯ ಡಿಮ್ಯಾಟ್ ಪಟ್ಟಿ, ಇಂದಿನ ದರ

"ಮಂಡ್ಯದ ಬ್ಯಾಂಕಿಗೆ ನಿವ್ವಳ ಆಸ್ತಿಯ ವಿವರ ಕೊಡಬೇಕು. 2025ರ ಮಾರ್ಚ್ 31ರ ಡಿಮ್ಯಾಟ್ ಪಟ್ಟಿಯ ಫೋಟೊ ಇದೆ. ಇಂದಿನ ದರ ಹಾಕಿದರೆ ಒಂದು ಷೇರಿನ ಮೌಲ್ಯ ಅರ್ಧವೇ ಬರುತ್ತಿದೆ. ಏಕೆ?"

ಆ ಕಂಪನಿ ಮಾರ್ಚ್ ನಂತರ ಒಂದಕ್ಕೊಂದು ಬೋನಸ್, ಅಂದರೆ ಪ್ರತಿ ಷೇರಿಗೆ ಇನ್ನೊಂದು ಉಚಿತ ಷೇರು ಕೊಟ್ಟಿರಬೇಕು, ಇಲ್ಲವೇ ಷೇರನ್ನು ಎರಡಾಗಿ ವಿಭಜಿಸಿರಬೇಕು. ಆಗ ಷೇರುಗಳ ಸಂಖ್ಯೆ ಎರಡು ಪಟ್ಟಾಗಿ, ದರ ಸುಮಾರು ಅರ್ಧವಾಗುತ್ತದೆ. ಫೋಟೊದಲ್ಲಿರುವುದು ಹಳೆಯ ಸಂಖ್ಯೆ, ನೀವು ಹಾಕಿದ್ದು ಹೊಸ ದರ. 2,400 ರೂಪಾಯಿಯ 40 ಷೇರು 96,000 ಆಗಬೇಕಾದದ್ದು, 1,200ರ ದರದಲ್ಲಿ 48,000ಕ್ಕೆ ಇಳಿಯುತ್ತದೆ.

ಮೊದಲು ಫೋಟೊವನ್ನು ದೊಡ್ಡದು ಮಾಡಿ, ಪ್ರತಿ ಷೇರನ್ನು ಗುರುತಿಸುವ 12 ಅಕ್ಷರ-ಅಂಕಿಗಳ ಸಂಕೇತವಾದ ಐಎಸ್‌ಐಎನ್ ಬರೆದುಕೊಳ್ಳಿ. ಮಸುಕಿನಲ್ಲಿ 0 ಮತ್ತು 8 ಒಂದೇ ರೀತಿ ಕಾಣುತ್ತವೆ, ಎಚ್ಚರ. ಬಳಿಕ ಎನ್‌ಎಸ್‌ಇ ಜಾಲತಾಣದಿಂದ ಮಾರ್ಚ್ 28ರ ಭಾವ್‌ಕಾಪಿ, ಅಂದರೆ ಆ ದಿನದ ಎಲ್ಲ ಷೇರುಗಳ ದರಪಟ್ಟಿ ಇಳಿಸಿಕೊಂಡು, ಫೋಟೊದಲ್ಲಿರುವ ಷೇರುಗಳ ಸಂಖ್ಯೆಯನ್ನು ಅದೇ ಐಎಸ್‌ಐಎನ್ ಇರುವ ಸಾಲಿನ ಮುಕ್ತಾಯ ದರದಿಂದ ಗುಣಿಸಿ. ಆ ವರ್ಷ 31ರಂದು ರಂಜಾನ್ ರಜೆಯಿತ್ತು, ಹಾಗಾಗಿ ಶುಕ್ರವಾರದ ದರವೇ ಕೊನೆಯದು. ಎರಡೂ ದಿನಾಂಕಗಳನ್ನು ವಿವರದಲ್ಲಿ ನಮೂದಿಸಿ.

ಬ್ಯಾಂಕು ಇಂದಿನ ಮೌಲ್ಯವನ್ನೇ ಕೇಳಿದರೆ ಈ ಫೋಟೊ ಸಾಲದು. ಹೊಸ ಪಟ್ಟಿ ತೆಗೆಯಿರಿ.