ಲ್ಯಾಬ್‌ಗೆಂದು ಬಂದ ದೇಣಿಗೆಯನ್ನು ಲೆಕ್ಕದಲ್ಲಿ ಎಲ್ಲಿ ತೋರಿಸಬೇಕು?

ಪ್ರಶ್ನೆ: ನಮ್ಮ ಟ್ರಸ್ಟ್ ಶಾಲೆ ನಡೆಸುತ್ತದೆ. ಹಳೆಯ ವಿದ್ಯಾರ್ಥಿಯೊಬ್ಬರು ವಿಜ್ಞಾನ ಲ್ಯಾಬ್‌ಗೆಂದೇ 5 ಲಕ್ಷ ಕೊಟ್ಟರು. ಇದು ಈ ವರ್ಷದ ಆದಾಯವೇ? ಉಳಿದದ್ದನ್ನು ಸಂಬಳಕ್ಕೆ ಬಳಸಬಹುದೇ?

ಉತ್ತರ: ಆದಾಯ–ವೆಚ್ಚದ ಪಟ್ಟಿಗೆ ಹಾಕಬೇಡಿ. ಹಾಕಿದರೆ ಸುಮ್ನೆ 5 ಲಕ್ಷ ಉಳಿತಾಯ ಆದ ಹಾಗೆ ಕಾಣುತ್ತದೆ, ಕಮಿಟಿಯವರು ಅದನ್ನು ನಂಬಿ ಖರ್ಚು ಮಾಡುತ್ತಾರೆ. ಬ್ಯಾಲೆನ್ಸ್ ಶೀಟಿನ ಹೊಣೆಗಳ ಕಡೆ 'ಲ್ಯಾಬ್ ನಿಧಿ' ಅಂತ ಬೇರೆ ಖಾತೆ ತೆರೆದು, ಅಲ್ಲಿ ಜಮಾ ಮಾಡಿ.

ಮಾರ್ಚ್ ಒಳಗೆ ಮೇಜು, ಮೈಕ್ರೋಸ್ಕೋಪ್‌ಗೆ 3,20,000 ಖರ್ಚಾಯಿತು ಅಂದುಕೊಳ್ಳಿ. ಆ ಸಾಮಾನು ಆಸ್ತಿಯ ಕಡೆ ಸೇರುತ್ತದೆ. ಅಷ್ಟೇ ಮೊತ್ತವನ್ನು ಲ್ಯಾಬ್ ನಿಧಿಗೆ ಖರ್ಚು ಬರೆದು ಬಂಡವಾಳ ನಿಧಿಗೆ ಜಮಾ ಮಾಡಿ. ಈ ಎರಡನೇ ನಮೂದನ್ನು ಮರೆಯುವವರೇ ಜಾಸ್ತಿ. ಮರೆತರೆ ಹಣ ಮುಗಿದರೂ ನಿಧಿ 5 ಲಕ್ಷ ಅಂತಲೇ ನಿಂತಿರುತ್ತದೆ.

ಉಳಿದ 1,80,000 ಸಂಬಳಕ್ಕೆ ಅಲ್ಲ. ಬೇರೆಯದಕ್ಕೆ ಬೇಕಿದ್ದರೆ ದಾನಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಟ್ರಸ್ಟಿಗಳ ಠರಾವು ಒಂದೇ ಸಾಲದು.

ಹಣ ಆಗಲೇ ಕರಗಿದೆಯಾ ಅಂತ ನೋಡುವುದು ಸುಲಭ. ಇಂಥ ಎಲ್ಲ ನಿಧಿಗಳ ಬಾಕಿ ಕೂಡಿಸಿ, ಬ್ಯಾಂಕ್ ಮತ್ತು ಠೇವಣಿ ಮೊತ್ತದ ಪಕ್ಕ ಇಡಿ. ನಿಧಿ 1,80,000, ಬ್ಯಾಂಕಿನಲ್ಲಿ 40,000 ಮಾತ್ರ ಇದ್ದರೆ, 1,40,000 ದಿನದ ಖರ್ಚಿಗೆ ಹೋಗಿದೆ ಅಂತಲೇ ಅಲ್ವಾ? ನಮ್ಮೂರಿನ ಒಂದು ಟ್ರಸ್ಟಿನಲ್ಲಿ ನಾನೇ ಇದನ್ನು ಕಂಡಿದ್ದೇನೆ, ಬಹಳ ಬೇಸರವಾಯಿತು. ಪ್ರತ್ಯೇಕ ಬ್ಯಾಂಕ್ ಖಾತೆ ಇಟ್ಟರೆ ಈ ತೊಂದರೆ ಆರಂಭದಲ್ಲೇ ಕಾಣುತ್ತದೆ.

ಆದಾಯ ತೆರಿಗೆಯ ಲೆಕ್ಕ ಬೇರೆ. ಅಲ್ಲಿ ದಾನಿ 'ಕಾರ್ಪಸ್', ಅಂದರೆ ಟ್ರಸ್ಟಿನ ಮೂಲನಿಧಿಗೆ, ಅಂತ ಸ್ಪಷ್ಟವಾಗಿ ಬರೆದುಕೊಟ್ಟಿದ್ದಾರಾ ಅನ್ನುವುದು ಮುಖ್ಯ. ಆ ಪತ್ರವನ್ನು ರಸೀದಿಯ ಜೊತೆಗೇ ಪಿನ್ ಮಾಡಿಡಿ.