ಟ್ರಸ್ಟಿನ ಮೊದಲ ಸಭೆಯಲ್ಲಿ ಪರಿಚಯ

"ಶಿರಾ ಕಡೆಯ ವಿದ್ಯಾಸಂಸ್ಥೆಗೆ ಟ್ರಸ್ಟಿ ಆಗಿದ್ದೇನೆ. ಬ್ಯಾಂಕಿನಿಂದ ನಿವೃತ್ತ. ಮೊದಲ ಸಭೆಯಲ್ಲಿ ಜಂಬ ಅನ್ನಿಸದ ಹಾಗೆ ಏನು ಹೇಳಲಿ?"

ಒಂದು ನಿಮಿಷ ಸಾಕು ಸರ್. ಹುದ್ದೆ, ಸನ್ಮಾನಗಳ ಪಟ್ಟಿ ಬೇಡ. ಮೊದಲೇ ಟ್ರಸ್ಟ್ ಡೀಡ್, ಹೋದ ವರ್ಷದ ಆಡಿಟ್ ವರದಿ ಓದಿಕೊಂಡು ಹೋಗಿ. ಆಮೇಲೆ ಹೀಗೆ ಹೇಳಬಹುದು:

"ಎಲ್ಲರಿಗೂ ನಮಸ್ಕಾರ. ನಾನು ಇದೇ ತಾಲ್ಲೂಕಿನವನು. ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಳ್ಳುತ್ತಿದ್ದೆ. ಲೆಕ್ಕಪತ್ರ, ವಿದ್ಯಾರ್ಥಿವೇತನದ ಅರ್ಜಿ ನೋಡುವ ಕೆಲಸ ಕೊಟ್ಟರೆ ಮಾಡುತ್ತೇನೆ. ಪಾಠದ ವಿಷಯ ಹೊಸದು, ಮೇಷ್ಟ್ರುಗಳನ್ನು ಕೇಳಿ ತಿಳಿದುಕೊಳ್ಳುತ್ತೇನೆ. ನನ್ನ ತಂಗಿ ಮಗಳು ಇಲ್ಲೇ ಟೀಚರ್. ಅವಳ ಸಂಬಳ, ಬಡ್ತಿಯ ಚರ್ಚೆ ಬಂದಾಗ ಹೊರಗಿರುತ್ತೇನೆ."

ಕೊನೆಯ ಮಾತು ಅಂಥ ನೆಂಟಸ್ತಿಕೆ ಇದ್ದರೆ ಮಾತ್ರ. ಇದ್ದರೆ ನಡಾವಳಿ ಪುಸ್ತಕದಲ್ಲೂ ಬರೆಸಿ. "ನಾನು ಬಂದ ಮೇಲೆ ಎಲ್ಲ ಬದಲಾಗುತ್ತೆ" ಅನ್ನುವ ಮಾತು ಮಾತ್ರ ಬೇಡ. ಹಳಬರಿಗೆ ಚುಚ್ಚುತ್ತೆ, ಅಲ್ವಾ?